ದಕ್ಷಿಣಕ್ಕೆ ಮುಖ ಮಾಡಿದವರ ಎಡ ಎಲ್ಲಿದೆ? ದಿಕ್ಕಿನ ಲೆಕ್ಕದಲ್ಲಿ ದೂರ ತಪ್ಪುವ ಬಗೆ

ದಿಕ್ಕು ಮತ್ತು ದೂರದ ಲೆಕ್ಕಗಳಲ್ಲಿ ಒಬ್ಬ ವ್ಯಕ್ತಿ ಒಂದು ಜಾಗದಿಂದ ಹೊರಟು ಇಷ್ಟು ಮೀಟರ್ ನಡೆಯುತ್ತಾನೆ, ಎಡಕ್ಕೋ ಬಲಕ್ಕೋ ತಿರುಗುತ್ತಾನೆ, ಇನ್ನಷ್ಟು ನಡೆದು ಎಲ್ಲೋ ನಿಲ್ಲುತ್ತಾನೆ. ಹೊರಟ ಜಾಗದಿಂದ ಅವನೀಗ ಎಷ್ಟು ದೂರದಲ್ಲಿದ್ದಾನೆ, ಯಾವ ದಿಕ್ಕಿನಲ್ಲಿದ್ದಾನೆ ಎಂದು ಹೇಳಬೇಕು. ಎಂಟನೇ ತರಗತಿಯ ಮಕ್ಕಳು ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯ ಮಾನಸಿಕ ಸಾಮರ್ಥ್ಯದ ಭಾಗದಿಂದ ಹಿಡಿದು ರೈಲ್ವೆ, ಬ್ಯಾಂಕ್, ಎಸ್‌ಎಸ್‌ಸಿ ನೇಮಕಾತಿ ಪರೀಕ್ಷೆಗಳವರೆಗೆ ಈ ಬಗೆಯ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆ ಬೇಕಾಗುವ ಗಣಿತ ಕೂಡುವುದು, ಕಳೆಯುವುದು ಮತ್ತು ಪೈಥಾಗೊರಸ್ ಪ್ರಮೇಯ, ಅಷ್ಟೇ. ಆದರೂ ಇಲ್ಲಿ ಅಂಕ ಕಳೆದುಕೊಳ್ಳುವವರು ಬಹಳ ಮಂದಿ, ಅವರಲ್ಲಿ ಹೆಚ್ಚಿನವರು ಎಡವುವುದು ಲೆಕ್ಕದಲ್ಲಲ್ಲ, ತಿರುವಿನಲ್ಲಿ. ನಡೆಯುವವನ ಮುಖ ಒಂದು ಕಡೆಗಿರುತ್ತದೆ, ಬಿಡಿಸುವವರು ಅವನನ್ನು ಇನ್ನೊಂದು ಕಡೆಗೆ ತಿರುಗಿಸಿರುತ್ತಾರೆ. ಅದರ ಮುಂದಿನ ಕೂಡು-ಕಳೆ ಎಷ್ಟೇ ಸರಿಯಾಗಿದ್ದರೂ ಗುರುತು ಹಾಕುವ ದೂರ ತಪ್ಪಾಗುತ್ತದೆ.

ಹೀಗೆ ಬಂದ ತಪ್ಪು ದೂರಕ್ಕೂ ಒಂದು ಕ್ರಮವಿದೆ. ಅದನ್ನು ನೋಡಿ ಯಾವ ತಿರುವಿನಲ್ಲಿ ಮುಖ ತಪ್ಪಿತು ಎಂಬುದನ್ನು ಬಹುಮಟ್ಟಿಗೆ ಹೇಳಬಹುದು. ಅದಕ್ಕಾಗಿ ಒಂದೇ ಲೆಕ್ಕವನ್ನು ಕೊನೆಯವರೆಗೂ ಹಿಡಿದು ನೋಡುವುದು ಒಳ್ಳೆಯದು.

ಲೆಕ್ಕ ಹೀಗಿದೆ: ಲತಾ ಮನೆಯಿಂದ ಹೊರಟು ದಕ್ಷಿಣಕ್ಕೆ 7 ಮೀಟರ್ ನಡೆದಳು. ಎಡಕ್ಕೆ ತಿರುಗಿ 26 ಮೀಟರ್ ನಡೆದಳು. ಬಲಕ್ಕೆ ತಿರುಗಿ 2 ಮೀಟರ್, ಮತ್ತೆ ಬಲಕ್ಕೆ ತಿರುಗಿ 14 ಮೀಟರ್ ನಡೆದು ನಿಂತಳು. ಮನೆಯಿಂದ ಅವಳೀಗ ಎಷ್ಟು ದೂರದಲ್ಲಿದ್ದಾಳೆ? ಕೊಟ್ಟಿರುವ ಆಯ್ಕೆಗಳು 13, 15, 41 ಮತ್ತು 49 ಮೀಟರ್.

ಮೊದಲು ಸರಿಯಾದ ದಾರಿ. ದಕ್ಷಿಣಕ್ಕೆ ನಡೆಯುತ್ತಿರುವ ಲತಾಳ ಮುಖ ದಕ್ಷಿಣಕ್ಕಿದೆ. ದಕ್ಷಿಣಕ್ಕೆ ಮುಖ ಮಾಡಿದವರ ಎಡಗೈ ಪೂರ್ವಕ್ಕಿರುತ್ತದೆ. ಹಾಗಾಗಿ ಎಡಕ್ಕೆ ತಿರುಗಿದ ಮೇಲೆ ಅವಳು ಪೂರ್ವಕ್ಕೆ 26 ಮೀಟರ್ ಹೋದಳು. ಪೂರ್ವಕ್ಕೆ ಮುಖವಿದ್ದಾಗ ಬಲಗೈ ದಕ್ಷಿಣಕ್ಕಿರುತ್ತದೆ, ಆದ್ದರಿಂದ ಮುಂದಿನ 2 ಮೀಟರ್ ದಕ್ಷಿಣಕ್ಕೆ. ದಕ್ಷಿಣದಿಂದ ಮತ್ತೆ ಬಲಕ್ಕೆ ತಿರುಗಿದರೆ ಪಶ್ಚಿಮ, ಕೊನೆಯ 14 ಮೀಟರ್ ಆ ಕಡೆಗೆ. ಈಗ ಒಂದೇ ಗೆರೆಯ ಮೇಲಿನ ನಡಿಗೆಗಳನ್ನು ಒಟ್ಟುಗೂಡಿಸಬೇಕು. ದಕ್ಷಿಣಕ್ಕೆ 7 ಮತ್ತು 2, ಒಟ್ಟು 9 ಮೀಟರ್. ಪೂರ್ವಕ್ಕೆ 26 ಹೋಗಿ ಪಶ್ಚಿಮಕ್ಕೆ 14 ಮರಳಿದ್ದರಿಂದ ಪೂರ್ವಕ್ಕೆ ಉಳಿದದ್ದು 12 ಮೀಟರ್. 9ರ ವರ್ಗ 81, 12ರ ವರ್ಗ 144, ಮೊತ್ತ 225, ಅದರ ವರ್ಗಮೂಲ 15. ಲತಾ ಮನೆಯಿಂದ 15 ಮೀಟರ್ ದೂರದಲ್ಲಿ, ಪೂರ್ವ ಮತ್ತು ದಕ್ಷಿಣಗಳ ನಡುವೆ, ಅಂದರೆ ಆಗ್ನೇಯದ ಕಡೆಗಿದ್ದಾಳೆ.

ಇನ್ನು ತಪ್ಪು. ಹಾಳೆಯ ಮೇಲ್ತುದಿಯನ್ನು ಉತ್ತರ ಎಂದಿಟ್ಟುಕೊಂಡು ಚಿತ್ರ ಬರೆಯುವುದು ವಾಡಿಕೆ. ಲತಾ ದಕ್ಷಿಣಕ್ಕೆ ನಡೆದದ್ದನ್ನು ತೋರಿಸಲು ಪೆನ್ನು 7 ಮೀಟರ್ ಕೆಳಗೆ ಇಳಿಯುತ್ತದೆ. ಆಮೇಲೆ ‘ಎಡಕ್ಕೆ ತಿರುಗಿ’ ಎಂಬ ಮಾತು ಬರುತ್ತದೆ. ಚಿತ್ರ ಬರೆಯುವವರ ಎಡಗೈ ಹಾಳೆಯ ಎಡಬದಿಯಲ್ಲಿದೆ, ಪೆನ್ನು ತಾನಾಗಿ ಅತ್ತ ಸರಿಯುತ್ತದೆ. ಹಾಳೆಯ ಎಡಬದಿ ಪಶ್ಚಿಮ. ಲತಾ ಪೂರ್ವಕ್ಕೆ ಹೋಗಬೇಕಾದವಳು ಪಶ್ಚಿಮಕ್ಕೆ 26 ಮೀಟರ್ ಹೋದಳು. ಅಲ್ಲಿಂದ ಮುಂದೆ ಬಿಡಿಸುವವರು ಎಚ್ಚರವಾಗಿಯೇ ಇರುತ್ತಾರೆ ಎನ್ನೋಣ. ಪಶ್ಚಿಮಕ್ಕೆ ಮುಖವಿದ್ದವರ ಬಲ ಉತ್ತರ, ಹಾಗಾಗಿ 2 ಮೀಟರ್ ಮೇಲಕ್ಕೆ. ಉತ್ತರಕ್ಕೆ ಮುಖವಿದ್ದವರ ಬಲ ಪೂರ್ವ, ಹಾಗಾಗಿ 14 ಮೀಟರ್ ಪೂರ್ವಕ್ಕೆ. ಈಗ ಉಳಿದದ್ದು ಪಶ್ಚಿಮಕ್ಕೆ 12 ಮೀಟರ್, ದಕ್ಷಿಣಕ್ಕೆ 7ರಲ್ಲಿ 2 ಕಳೆದು 5 ಮೀಟರ್. 144ಕ್ಕೆ 25 ಕೂಡಿದರೆ 169, ವರ್ಗಮೂಲ 13. ಅಂಕಿ ಪೂರ್ಣವಾಗಿ ಬಂತು, ಆಯ್ಕೆಗಳ ಸಾಲಿನಲ್ಲೂ ಇದೆ. ಯಾವ ಅನುಮಾನವೂ ಬಾರದೆ 13ಕ್ಕೆ ಗುರುತು ಬೀಳುತ್ತದೆ.

ಈ ತಪ್ಪು ಮುಖ್ಯವಾಗಿ ದಕ್ಷಿಣದಲ್ಲೇ ಆಗಲು ಕಾರಣವಿದೆ. ನಡೆಯುವವರ ಮುಖ ಉತ್ತರಕ್ಕಿದ್ದಾಗ ಅವರ ಎಡವೂ ಹಾಳೆಯ ಎಡವೂ ಒಂದೇ, ಯೋಚಿಸಬೇಕಾದ್ದೇ ಇಲ್ಲ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖವಿದ್ದಾಗ ಅವರ ಎಡ-ಬಲಗಳು ಹಾಳೆಯಲ್ಲಿ ಮೇಲೆ-ಕೆಳಗೆ ಬರುತ್ತವೆ. ಹಾಳೆಯ ಎಡ-ಬಲಗಳಿಗೂ ಅವಕ್ಕೂ ಹೊಂದಿಕೆಯೇ ಇಲ್ಲದ್ದರಿಂದ ಬಿಡಿಸುವವರು ಒಂದು ಕ್ಷಣ ನಿಲ್ಲಲೇಬೇಕಾಗುತ್ತದೆ, ಆ ನಿಲುಗಡೆಯಲ್ಲಿ ಸರಿಯಾದ ದಿಕ್ಕು ಹೊಳೆಯುತ್ತದೆ. ದಕ್ಷಿಣಕ್ಕೆ ಮುಖವಿದ್ದಾಗ ಮಾತ್ರ ಅವರ ಎಡ-ಬಲಗಳು ಹಾಳೆಯ ಎಡ-ಬಲಗಳಿರುವ ಗೆರೆಯ ಮೇಲೇ ಇದ್ದು, ಪೂರ್ತಿ ಅದಲುಬದಲಾಗಿರುತ್ತವೆ. ತಡೆದು ನಿಲ್ಲಿಸುವಂಥದ್ದು ಅಲ್ಲಿ ಏನೂ ಇರುವುದಿಲ್ಲ.

ಮನಸ್ಸಿನಲ್ಲೇ ಒಂದು ಆಕಾರವನ್ನು ತಿರುಗಿಸಿ ನೋಡುವುದಕ್ಕೆ ಸಮಯ ಹಿಡಿಯುತ್ತದೆ ಎಂಬುದನ್ನು ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್‌ಲರ್ 1971ರಲ್ಲಿ ಒಂದು ಪ್ರಯೋಗದಿಂದ ತೋರಿಸಿದರು. ಘನಗಳನ್ನು ಜೋಡಿಸಿದ ಎರಡು ಆಕೃತಿಗಳ ಚಿತ್ರ ಕೊಟ್ಟು, ಎರಡೂ ಒಂದೇ ಆಕೃತಿಯೇ ಎಂದು ಕೇಳಲಾಗಿತ್ತು. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವಿನ ಕೋನ ಹೆಚ್ಚಿದಂತೆ ಉತ್ತರಿಸಲು ಹಿಡಿದ ಸಮಯವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತ ಹೋಯಿತು. ಲತಾಳ ಜಾಗದಲ್ಲಿ ನಿಂತು ದಕ್ಷಿಣಕ್ಕೆ ನೋಡಬೇಕಾದರೆ ಹಾಳೆಯ ಮುಂದೆ ಕೂತವರು ಮನಸ್ಸಿನಲ್ಲಿ 180 ಡಿಗ್ರಿ ತಿರುಗಬೇಕು. ನಾಲ್ಕು ದಿಕ್ಕುಗಳಲ್ಲಿ ಅದೇ ಅತಿ ದೊಡ್ಡ ತಿರುಗಾಟ. ಒಂದು ಪ್ರಶ್ನೆಗೆ ಒಂದು ನಿಮಿಷವೂ ಸಿಗದ ಪರೀಕ್ಷೆಯಲ್ಲಿ ಅದನ್ನೇ ಹಾರಿಸಿಬಿಡುವುದು ಸಹಜ.

ತಪ್ಪು ತಿರುವು ಚಿತ್ರವನ್ನು ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಒಂದು ಸರಳ ನಿಯಮವಿದೆ. ಎಡಕ್ಕೆ ಬದಲು ಬಲ, ಅಥವಾ ಬಲಕ್ಕೆ ಬದಲು ಎಡ ಹಿಡಿದರೆ ಮುಖ ಇರಬೇಕಾದ ದಿಕ್ಕಿಗೆ ನೇರ ವಿರುದ್ಧವಾಗುತ್ತದೆ. ಮುಂದಿನ ತಿರುವುಗಳೆಲ್ಲ ಆ ತಪ್ಪು ಮುಖದಿಂದಲೇ ಲೆಕ್ಕವಾಗುವುದರಿಂದ ಪ್ರತಿ ನಡಿಗೆಯೂ ವಿರುದ್ಧ ದಿಕ್ಕಿಗೆ ಹೋಗುತ್ತದೆ. ಅಂದರೆ ತಪ್ಪಿದ ತಿರುವಿನವರೆಗಿನ ಹಾದಿ ಹಾಗೆಯೇ ಇದ್ದು, ಅಲ್ಲಿಂದ ಮುಂದಿನ ಇಡೀ ಹಾದಿ ಆ ತಿರುವಿನ ಬಿಂದುವಿನ ಸುತ್ತ ಅರ್ಧ ಸುತ್ತು ಹಾಕಿಬಿಡುತ್ತದೆ. ಲತಾ ಮೊದಲ ಬಾರಿ ತಿರುಗಿದ ಜಾಗದಿಂದ ನೋಡಿದರೆ ಅವಳು ಕೊನೆಗೆ ನಿಂತದ್ದು 12 ಮೀಟರ್ ಪೂರ್ವಕ್ಕೆ, 2 ಮೀಟರ್ ದಕ್ಷಿಣಕ್ಕೆ. ತಪ್ಪು ಚಿತ್ರದಲ್ಲಿ ಅದೇ ಜಾಗದಿಂದ 12 ಮೀಟರ್ ಪಶ್ಚಿಮಕ್ಕೆ, 2 ಮೀಟರ್ ಉತ್ತರಕ್ಕೆ ನಿಂತಳು. ಅಂಕಿಗಳು ಅವೇ, ದಿಕ್ಕುಗಳೆರಡೂ ತಿರುಗಿವೆ. ಮನೆಯಿಂದ ಅಳೆಯುವಾಗ 2 ಮೀಟರನ್ನು 7ಕ್ಕೆ ಕೂಡುವ ಬದಲು ಕಳೆದದ್ದರಿಂದ 15 ಇದ್ದದ್ದು 13 ಆಯಿತು.

ಇದೇ ನಿಯಮವನ್ನು ಕೊನೆಯ ತಿರುವಿಗೆ ಹಚ್ಚಿ ನೋಡಬಹುದು. ಮೊದಲೆರಡು ತಿರುವು ಸರಿಯಾಗಿ ತೆಗೆದುಕೊಂಡವರು ಮೂರನೆಯದಕ್ಕೆ ಬರುವಾಗ ಲತಾಳ ಮುಖ ಮತ್ತೆ ದಕ್ಷಿಣಕ್ಕಿರುತ್ತದೆ, ಹಳೆಯ ಅಪಾಯ ಮತ್ತೆ ಎದುರಾಗುತ್ತದೆ. ‘ಬಲಕ್ಕೆ’ ಎಂದದ್ದನ್ನು ಹಾಳೆಯ ಬಲಬದಿ ಎಂದುಕೊಂಡರೆ ಕೊನೆಯ 14 ಮೀಟರ್ ಪಶ್ಚಿಮಕ್ಕೆ ಮರಳುವ ಬದಲು ಪೂರ್ವಕ್ಕೆ ಇನ್ನೂ ಮುಂದೆ ಹೋಗುತ್ತದೆ. ಪೂರ್ವಕ್ಕೆ 26 ಮತ್ತು 14 ಸೇರಿ 40, ದಕ್ಷಿಣಕ್ಕೆ 9. ವರ್ಗಗಳು 1600 ಮತ್ತು 81, ಮೊತ್ತ 1681, ವರ್ಗಮೂಲ 41. ಇದೂ ಪೂರ್ಣ ಅಂಕಿ, ಇದೂ ಆಯ್ಕೆಯಲ್ಲಿದೆ.

ನಡುವಿನ ತಿರುವೊಂದೇ ತಪ್ಪಿದರೆ ಪೂರ್ವಕ್ಕೆ 40, ದಕ್ಷಿಣಕ್ಕೆ 5 ಬರುತ್ತದೆ. ಮೊತ್ತ 1625, ವರ್ಗಮೂಲ 40.3ರ ಆಸುಪಾಸು. ಇಂಥ ಅಂಕಿ ಆಯ್ಕೆಗಳಲ್ಲಿಲ್ಲ, ತಪ್ಪು ತಿಳಿದುಕೊಳ್ಳಲು ಅದೊಂದು ಒಳ್ಳೆಯ ಸೂಚನೆ. ಆದರೆ ಗಡಿಬಿಡಿಯಲ್ಲಿರುವವರು ಹತ್ತಿರದ ಅಂಕಿಯಾದ 41ನ್ನು ಹಿಡಿದುಬಿಡುವ ಸಾಧ್ಯತೆಯೇ ಹೆಚ್ಚು. ಉಳಿದ ಆಯ್ಕೆ 49. ನಡೆದ ಮೀಟರುಗಳನ್ನೆಲ್ಲ ಕೂಡಿದರೆ ಬರುವ ಅಂಕಿ ಅದು. ಅದನ್ನು ಗುರುತಿಸಿದವರಿಗೆ ತಿರುವಿನ ತೊಂದರೆಯಿಲ್ಲ, ನಡೆದ ದೂರಕ್ಕೂ ಎರಡು ಜಾಗಗಳ ನಡುವಿನ ನೇರ ದೂರಕ್ಕೂ ಇರುವ ವ್ಯತ್ಯಾಸ ಅವರಿಗೆ ಇನ್ನೂ ಸ್ಪಷ್ಟವಾಗಿಲ್ಲ.

ಪ್ರಶ್ನೆ ಬರೆಯುವವರು ತಪ್ಪು ಆಯ್ಕೆಗಳನ್ನು ಕಣ್ಣುಮುಚ್ಚಿ ಹಾಕುವುದಿಲ್ಲ. ಚೆನ್ನಾಗಿ ರಚಿಸಿದ ಪ್ರಶ್ನೆಯಲ್ಲಿ ಪ್ರತಿ ತಪ್ಪು ಆಯ್ಕೆಯ ಹಿಂದೆಯೂ ಒಂದು ಗೊತ್ತಿರುವ ಎಡವಟ್ಟು ಇರುತ್ತದೆ. ಆದ್ದರಿಂದಲೇ ಉತ್ತರ ಪೂರ್ಣಾಂಕವಾಗಿ ಬಂತೆಂಬುದು, ಆಯ್ಕೆಗಳಲ್ಲಿ ಸಿಕ್ಕಿತೆಂಬುದು ಸರಿ ಎನ್ನುವುದಕ್ಕೆ ಸಾಕ್ಷಿಯಾಗಲಾರದು. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಕಾಲು ಭಾಗ, ರೈಲ್ವೆಯ ಎನ್‌ಟಿಪಿಸಿಯಲ್ಲಿ ಮೂರನೇ ಒಂದು ಭಾಗ ಅಂಕ ಕಡಿತವಾಗುತ್ತದೆ. ಗೊತ್ತಿಲ್ಲದೆ ಬಿಟ್ಟ ಪ್ರಶ್ನೆಗಿಂತ ನಂಬಿಕೊಂಡು ತಪ್ಪು ಮಾಡಿದ ಪ್ರಶ್ನೆಯೇ ಇಲ್ಲಿ ಹೆಚ್ಚು ನಷ್ಟ ತರುತ್ತದೆ.

ಮೂರು ತಿರುವುಗಳಿರುವ ಈ ಲೆಕ್ಕದಲ್ಲಿ ಪ್ರತಿಯೊಂದನ್ನೂ ಸರಿಯಾಗಿಯೋ ತಪ್ಪಾಗಿಯೋ ತೆಗೆದುಕೊಳ್ಳಬಹುದು. ಅಂದರೆ ಒಟ್ಟು ಎಂಟು ಚಿತ್ರಗಳು ಸಾಧ್ಯ. ಎಂಟನ್ನೂ ಬರೆದು ಅಳೆದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಎಂಟು ಚಿತ್ರಗಳಿಂದ ಹೊರಡುವ ದೂರಗಳು ನಾಲ್ಕೇ, 15, 13, 41 ಮತ್ತು 40.3. ಪ್ರತಿ ದೂರವೂ ಎರಡೆರಡು ಸಲ ಬರುತ್ತದೆ. ಮೊದಲ ತಿರುವೊಂದು ತಪ್ಪಿದರೆ 13 ಬರುವಂತೆ, ಮೊದಲನೆಯದು ಸರಿಯಿದ್ದು ಉಳಿದೆರಡು ತಪ್ಪಿದರೂ 13 ಬರುತ್ತದೆ. ಕೊನೆಯದು ತಪ್ಪಿದರೆ 41, ಮೊದಲೆರಡು ತಪ್ಪಿ ಕೊನೆಯದು ಸರಿಯಿದ್ದರೂ 41. ಒಂದು ಚಿತ್ರದಲ್ಲಿ ಎಲ್ಲ ಎಡಗಳನ್ನೂ ಬಲ ಮಾಡಿ, ಎಲ್ಲ ಬಲಗಳನ್ನೂ ಎಡ ಮಾಡಿದರೆ ಅದರ ಕನ್ನಡಿ ಬಿಂಬ ಸಿಗುತ್ತದೆ. ಬಿಂಬದಲ್ಲಿ ಪೂರ್ವ-ಪಶ್ಚಿಮಗಳು ಅದಲುಬದಲಾಗುತ್ತವೆ, ದೂರ ಮಾತ್ರ ಬದಲಾಗುವುದಿಲ್ಲ. ಎಂಟು ಚಿತ್ರಗಳು ನಾಲ್ಕು ಜೋಡಿಗಳಾಗುವುದು ಹೀಗೆ.

ಇದರಿಂದ ಪಾಠ ಮಾಡುವವರು ಗಮನಿಸಲೇಬೇಕಾದ ಒಂದು ಪರಿಣಾಮವಿದೆ. ಮೂರೂ ತಿರುವುಗಳನ್ನು ತಪ್ಪಾಗಿ ತೆಗೆದುಕೊಂಡ ವಿದ್ಯಾರ್ಥಿಗೆ ಸಿಗುವುದು ಸರಿಯಾದ ಚಿತ್ರದ ಬಿಂಬ, ಹಾಗಾಗಿ ಅವನ ಉತ್ತರವೂ 15. ಅವನಿಗೆ ಪೂರ್ಣ ಅಂಕ ಬರುತ್ತದೆ. ಒಂದೇ ಒಂದು ತಿರುವಿನಲ್ಲಿ ತಪ್ಪಿದ, ಅವನಿಗಿಂತ ಚೆನ್ನಾಗಿ ತಿಳಿದ ವಿದ್ಯಾರ್ಥಿಗೆ ಸೊನ್ನೆ. ಮೊದಲನೆಯವನ ತಪ್ಪು ಹೊರಬೀಳಬೇಕಾದರೆ ದೂರದ ಜೊತೆಗೆ ದಿಕ್ಕನ್ನೂ ಕೇಳಬೇಕು. ಅವನು ಆಗ್ನೇಯದ ಬದಲು ನೈಋತ್ಯ ಎನ್ನುತ್ತಾನೆ.

ಎರಡೇ ನಡಿಗೆಗಳಿರುವ ಲೆಕ್ಕಗಳಲ್ಲಿ ತಪ್ಪು ಅಡಗುವುದು ಇನ್ನೂ ಸುಲಭ. ದಕ್ಷಿಣಕ್ಕೆ 7 ಮೀಟರ್ ನಡೆದು, ಎಡಕ್ಕೆ ತಿರುಗಿ 24 ಮೀಟರ್ ನಡೆದರೆ ದೂರ 25 ಮೀಟರ್. ಎಡಕ್ಕೆ ಪೂರ್ವ ಎಂದರೂ 25, ಪಶ್ಚಿಮ ಎಂದರೂ 25. ತಿರುವಿನ ನಂತರದ ನಡಿಗೆ ಮೊದಲಿನ ಗೆರೆಗೆ ಲಂಬವಾಗಿರುವವರೆಗೆ ಅದು ಯಾವ ಬದಿಗೆ ಹೋದರೂ ಕರ್ಣದ ಉದ್ದ ಒಂದೇ. ಅಭ್ಯಾಸದ ಪುಸ್ತಕಗಳು ಶುರುವಾಗುವುದು ಇಂಥ ಲೆಕ್ಕಗಳಿಂದಲೇ. ಹಾಳೆಯ ಎಡವನ್ನೇ ನಡೆಯುವವರ ಎಡವೆಂದು ತಿಳಿದ ಮಗು ಇಂಥ ಲೆಕ್ಕಗಳನ್ನು ಎಷ್ಟು ಬಿಡಿಸಿದರೂ ಪ್ರತಿಯೊಂದೂ ಸರಿಯೇ ಬರುತ್ತದೆ, ತಪ್ಪು ಅಭ್ಯಾಸ ಗಟ್ಟಿಯಾಗುತ್ತದೆ. ಮೂರನೆಯ ನಡಿಗೆ ಮೊದಲನೆಯದಕ್ಕೆ ಸಮಾಂತರವಾಗಿ ಬಂದು ಕೂಡುವುದೋ ಕಳೆಯುವುದೋ ಎಂಬ ಪ್ರಶ್ನೆ ಎದ್ದಾಗಲೇ ದೂರ ತಪ್ಪತೊಡಗುವುದು. ಆಗ ಮಗುವಿಗೂ ಹೇಳಿಕೊಡುವವರಿಗೂ ಪೈಥಾಗೊರಸ್‌ನಲ್ಲಿ ಏನೋ ತೊಡಕಿದೆ ಎನ್ನಿಸುತ್ತದೆ. ತೊಡಕು ಮೊದಲ ದಿನದ ಚಿತ್ರದಲ್ಲೇ ಇತ್ತು. ಹಾಗಾಗಿ ಕಲಿಸುವಾಗ ಎರಡು ನಡಿಗೆಗಳ ಲೆಕ್ಕದಲ್ಲಿ ದೂರವನ್ನು ಕೇಳದೆ ದಿಕ್ಕನ್ನು ಮಾತ್ರ ಕೇಳುವುದು ಮೇಲು.

ತಪ್ಪದಂತೆ ಬಿಡಿಸುವ ದಾರಿಗಳಲ್ಲಿ ಎಲ್ಲಕ್ಕಿಂತ ಭದ್ರವಾದದ್ದು ಮುಖವನ್ನೂ ದೂರವನ್ನೂ ಬೇರೆ ಮಾಡುವುದು. ಚಿತ್ರಕ್ಕೆ ಕೈಹಾಕುವ ಮೊದಲು ಪ್ರತಿ ನಡಿಗೆಯ ಮುಖವನ್ನಷ್ಟೇ ಒಂದು ಸಾಲಿನಲ್ಲಿ ಬರೆದುಕೊಳ್ಳಬೇಕು. ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ, ಮತ್ತೆ ಉತ್ತರ ಎಂಬ ಪ್ರದಕ್ಷಿಣೆಯ ಸರದಿ ನೆನಪಿದ್ದರೆ ಸಾಕು. ಬಲಕ್ಕೆ ತಿರುಗುವುದೆಂದರೆ ಈ ಸರದಿಯಲ್ಲಿ ಒಂದು ಹೆಜ್ಜೆ ಮುಂದೆ, ಎಡಕ್ಕೆ ಎಂದರೆ ಒಂದು ಹೆಜ್ಜೆ ಹಿಂದೆ, ಹಿಂದಕ್ಕೆ ತಿರುಗುವುದೆಂದರೆ ಎರಡು ಹೆಜ್ಜೆ. ಲತಾಳ ಲೆಕ್ಕದಲ್ಲಿ ಮೊದಲ ಮುಖ ದಕ್ಷಿಣ. ಎಡಕ್ಕೆ ಎಂದರೆ ಒಂದು ಹಿಂದೆ, ಪೂರ್ವ. ಬಲಕ್ಕೆ, ಒಂದು ಮುಂದೆ, ದಕ್ಷಿಣ. ಮತ್ತೆ ಬಲಕ್ಕೆ, ಇನ್ನೊಂದು ಮುಂದೆ, ಪಶ್ಚಿಮ. ಸಾಲು ಸಿದ್ಧವಾಯಿತು: ದಕ್ಷಿಣ, ಪೂರ್ವ, ದಕ್ಷಿಣ, ಪಶ್ಚಿಮ. ಇವುಗಳ ಪಕ್ಕದಲ್ಲಿ 7, 26, 2, 14 ಎಂದು ಬರೆದರೆ ಮುಂದಿನದು ಬರೀ ಕೂಡು-ಕಳೆ. ಈ ಸರದಿಯಲ್ಲಿ ಹಾಳೆಯ ಎಡ-ಬಲಗಳ ಪ್ರಸ್ತಾಪವೇ ಬರುವುದಿಲ್ಲ, ಅದೇ ಇದರ ಬಲ. ಅವಸರದಲ್ಲಿ ಪೂರ್ವಕ್ಕೆ ‘ಪೂ’ ಎಂದೂ ಪಶ್ಚಿಮಕ್ಕೆ ‘ಪ’ ಎಂದೂ ಗೀಚಿಕೊಳ್ಳುವವರು ಆಮೇಲೆ ತಮ್ಮ ಅಕ್ಷರವನ್ನೇ ತಪ್ಪು ಓದುವುದುಂಟು. ಅಕ್ಷರಕ್ಕಿಂತ ಬಾಣದ ಗುರುತು ಕ್ಷೇಮ.

ಕೊನೆಯ ಮುಖವನ್ನು ಇನ್ನೊಂದು ಬಗೆಯಲ್ಲೂ ತಾಳೆ ನೋಡಬಹುದು. ಲತಾ ಎರಡು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ತಿರುಗಿದ್ದಾಳೆ. ಒಂದು ಎಡ ಒಂದು ಬಲವನ್ನು ಹೊಡೆದುಹಾಕುತ್ತದೆ, ಉಳಿದದ್ದು ಒಂದು ಬಲ. ದಕ್ಷಿಣದಿಂದ ಹೊರಟು ಒಂದು ಸಲ ಬಲಕ್ಕೆ ತಿರುಗಿದರೆ ಪಶ್ಚಿಮ. ಚಿತ್ರದ ಕೊನೆಯ ಬಾಣ ಪಶ್ಚಿಮಕ್ಕೇ ತೋರಿಸುತ್ತಿರಬೇಕು. 13 ಬಂದ ಮೊದಲ ತಪ್ಪು ಚಿತ್ರದಲ್ಲಿ ಅದು ಪೂರ್ವಕ್ಕಿತ್ತು, 41 ಬಂದ ಚಿತ್ರದಲ್ಲೂ ಪೂರ್ವಕ್ಕಿತ್ತು, ಎರಡೂ ಈ ತಾಳೆಯಲ್ಲಿ ಸಿಕ್ಕಿಬೀಳುತ್ತವೆ. ಆದರೆ ಈ ಪರೀಕ್ಷೆಗೆ ಒಂದು ಮಿತಿ ಇದೆ. ಎರಡು ತಿರುವುಗಳು ತಪ್ಪಿದಾಗ ಮುಖ ಎರಡು ಸಲ ವಿರುದ್ಧವಾಗಿ ಮತ್ತೆ ಸರಿಯಾದ ದಿಕ್ಕಿಗೇ ಬಂದು ನಿಲ್ಲುತ್ತದೆ. ಬಾಣ ಪಶ್ಚಿಮಕ್ಕೇ ಇರುತ್ತದೆ, ದೂರ ಮಾತ್ರ 13, 41 ಅಥವಾ 40.3 ಆಗಿರುತ್ತದೆ. ಕೊನೆಯ ಮುಖ ಹೊಂದದಿದ್ದರೆ ತಪ್ಪು ಖಚಿತ, ಹೊಂದಿದರೆ ಮಾತ್ರ ಸರಿ ಎಂದು ಖಚಿತವಾಗುವುದಿಲ್ಲ.

ಚಿತ್ರವನ್ನೇ ನೆಚ್ಚುವವರಿಗೆ ಇರುವ ಉಪಾಯ ಹಾಳೆಯನ್ನು ತಿರುಗಿಸುವುದು. ಪ್ರತಿ ನಡಿಗೆಯ ತುದಿಗೆ ಬಾಣ ಹಾಕಿ, ಆ ಬಾಣ ತಮ್ಮ ಎದೆಯಿಂದ ಆಚೆಗೆ ತೋರಿಸುವಂತೆ ಹಾಳೆಯನ್ನು ತಿರುಗಿಸಿದರೆ ನಡೆಯುವವರ ಎಡವೂ ಬರೆಯುವವರ ಎಡವೂ ಒಂದಾಗುತ್ತದೆ. ಮನಸ್ಸಿನಲ್ಲಿ ತಿರುಗಬೇಕಾದದ್ದನ್ನು ಕೈ ಮಾಡಿಕೊಡುತ್ತದೆ. ಕಂಪ್ಯೂಟರ್ ಮೇಲೆ ನಡೆಯುವ ಪರೀಕ್ಷೆಯಲ್ಲಿ ಪರದೆಯನ್ನು ತಿರುಗಿಸಲಾಗದು, ಕೊಟ್ಟ ರಫ್ ಹಾಳೆಯನ್ನು ತಿರುಗಿಸಬಹುದು.

ನಡೆಯುವವರ ಮುಖದಿಂದಲೇ ತಿರುವನ್ನು ಎಣಿಸುವ ಈ ಕ್ರಮವನ್ನು ಮಕ್ಕಳ ಕೈಗೆ ಆಟವಾಗಿ ಕೊಟ್ಟದ್ದು ಲೋಗೊ ಎಂಬ ಕಂಪ್ಯೂಟರ್ ಭಾಷೆ. 1967ರಲ್ಲಿ ವಾಲಿ ಫಾಯರ್‌ಜೈಗ್, ಸೈಮೂರ್ ಪೇಪರ್ಟ್ ಮತ್ತು ಸಿಂಥಿಯಾ ಸಾಲೊಮನ್ ಮೊದಲಾದವರು ರೂಪಿಸಿದ ಈ ಭಾಷೆಗೆ ಆಮೇಲೆ ಒಂದು ಆಮೆ ಸೇರಿಕೊಂಡಿತು. ಪರದೆಯ ಮೇಲಿನ ಆಮೆಗೆ ಪೂರ್ವ-ಪಶ್ಚಿಮ ಹೇಳುವುದಿಲ್ಲ, ಇಷ್ಟು ಮುಂದೆ ಹೋಗು, ಇಷ್ಟು ಎಡಕ್ಕೆ ತಿರುಗು ಎಂದಷ್ಟೇ ಹೇಳಲಾಗುತ್ತದೆ. ಶುರುವಿನಲ್ಲಿ ಅದರ ಮುಖ ಮೇಲಕ್ಕಿರುತ್ತದೆ. ಆದ್ದರಿಂದ ಲತಾಳ ಹಾದಿಯಲ್ಲಿ ನಡೆಸಲು ಮೊದಲು ಅದನ್ನು 180 ಡಿಗ್ರಿ ತಿರುಗಿಸಬೇಕು:

```
RT 180
FD 7
LT 90
FD 26
RT 90
FD 2
RT 90
FD 14
```

ಚಿತ್ರ ದೊಡ್ಡದಾಗಿ ಕಾಣಬೇಕಾದರೆ FD ಮುಂದಿನ ಅಂಕಿಗಳನ್ನು ಹತ್ತರಿಂದ ಗುಣಿಸಿಕೊಳ್ಳಬಹುದು. LT 90 ಎಂದಾಗ ಕೆಳಮುಖವಾಗಿದ್ದ ಆಮೆ ಪರದೆಯ ಬಲಬದಿಗೆ ತಿರುಗುವುದನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಹಾಳೆಯ ಎಡಕ್ಕೂ ಆಮೆಯ ಎಡಕ್ಕೂ ಇರುವ ಭೇದ ಅವರಿಗೆ ಆ ಹೊತ್ತಿನಲ್ಲಿ ಕಣ್ಣಾರೆ ಕಾಣುತ್ತದೆ. ಗೊಂದಲವಾದಾಗ ಮಗು ತಾನೇ ಎದ್ದು ಆಮೆಯಂತೆ ನಡೆದು ನೋಡಲಿ ಎಂಬುದು ಪೇಪರ್ಟ್ ಅವರ ಸಲಹೆಯಾಗಿತ್ತು. ಅದಕ್ಕೆ ಕಂಪ್ಯೂಟರ್ ಬೇಕೆಂದೇನೂ ಇಲ್ಲ, ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ನಾಲ್ಕು ದಿಕ್ಕು ಬರೆದರೂ ಆಗುತ್ತದೆ.

ಪ್ರಶ್ನೆಯ ಮಾತುಗಳಲ್ಲೂ ಮುಖ ತಪ್ಪಿಸುವ ಜಾಗಗಳಿವೆ. ‘ಹಿಂದಕ್ಕೆ ತಿರುಗಿ 5 ಮೀಟರ್ ನಡೆದಳು’ ಎಂದರೆ ಮುಖ ವಿರುದ್ಧ ದಿಕ್ಕಿಗಾಯಿತು. ‘ತಿರುಗದೆ 5 ಮೀಟರ್ ಹಿಂದಕ್ಕೆ ನಡೆದಳು’ ಎಂದರೆ ಜಾಗ ಬದಲಾಯಿತು, ಮುಖ ಮೊದಲಿದ್ದಂತೆಯೇ ಇದೆ. ಎರಡರಲ್ಲೂ ಅವಳು ನಿಲ್ಲುವ ಜಾಗ ಒಂದೇ, ಮುಂದೆ ‘ಎಡಕ್ಕೆ’ ಎಂದಾಗ ಹೊರಡುವ ದಿಕ್ಕುಗಳು ಮಾತ್ರ ಎದುರುಬದುರು. ಹಾಗೆಯೇ ‘ಈಗ ಯಾವ ದಿಕ್ಕಿಗೆ ಮುಖ ಮಾಡಿದ್ದಾಳೆ’ ಎನ್ನುವುದು ಒಂದು ಪ್ರಶ್ನೆ, ‘ಮನೆಯಿಂದ ಯಾವ ದಿಕ್ಕಿನಲ್ಲಿದ್ದಾಳೆ’ ಎನ್ನುವುದು ಇನ್ನೊಂದು. ಲತಾಳ ಮುಖ ಪಶ್ಚಿಮಕ್ಕೆ, ಅವಳಿರುವುದು ಆಗ್ನೇಯದಲ್ಲಿ. ಈ ಎರಡನೆಯ ಪ್ರಶ್ನೆಯನ್ನೇ ‘ಅವಳಿಂದ ಮನೆ ಯಾವ ದಿಕ್ಕಿನಲ್ಲಿದೆ’ ಎಂದು ತಿರುಗಿಸಿ ಕೇಳಿದರೆ ಉತ್ತರ ವಾಯವ್ಯವಾಗುತ್ತದೆ.

ಕೆಲವು ಲೆಕ್ಕಗಳಲ್ಲಿ ಮೊದಲ ಮುಖವನ್ನು ಹೇಳಿಯೇ ಇರುವುದಿಲ್ಲ, ಕೊನೆಯದನ್ನು ಮಾತ್ರ ಹೇಳಿರುತ್ತಾರೆ. ಒಬ್ಬಳು 7 ಮೀಟರ್ ನಡೆದು ಎಡಕ್ಕೆ, 26 ಮೀಟರ್ ನಡೆದು ಬಲಕ್ಕೆ, 2 ಮೀಟರ್ ನಡೆದು ಮತ್ತೆ ಬಲಕ್ಕೆ ತಿರುಗಿದಾಗ ಮುಖ ಪಶ್ಚಿಮಕ್ಕಿತ್ತು, ಹಾಗಾದರೆ ಹೊರಟದ್ದು ಯಾವ ಕಡೆಗೆ ಎಂದು ಕೇಳಬಹುದು. ಉತ್ತರಕ್ಕೆ ಹೊರಟಳೆಂದು ಊಹಿಸಿ ಎಣಿಸಿದರೆ ಕೊನೆಯ ಮುಖ ಪೂರ್ವಕ್ಕೆ ಬರುತ್ತದೆ. ಬೇಕಾದದ್ದು ಪಶ್ಚಿಮ, ಅಂದರೆ ಇಡೀ ಹಾದಿಯನ್ನು ಅರ್ಧ ಸುತ್ತು ತಿರುಗಿಸಬೇಕು, ಹೊರಟ ದಿಕ್ಕು ದಕ್ಷಿಣ. ಇಲ್ಲಿ ದೂರ ಕೇಳಿದ್ದರೆ ಯಾವ ಮುಖದಿಂದ ಶುರುಮಾಡಿದರೂ ಒಂದೇ ಉತ್ತರ ಬರುತ್ತಿತ್ತು. ಮೊದಲ ಮುಖ ತಪ್ಪಿದಾಗ ಹಾದಿಯೆಲ್ಲ ಮನೆಯ ಸುತ್ತ ಒಟ್ಟಿಗೆ ತಿರುಗುತ್ತದೆಯೇ ಹೊರತು ಅದರ ಆಕಾರ ಕೆಡುವುದಿಲ್ಲ. ನಡುವೆ ತಪ್ಪಿದ ತಿರುವಿಗೂ ಇದಕ್ಕೂ ಇರುವ ವ್ಯತ್ಯಾಸ ಅದು.

ಆದರೆ ಹೊರಟ ಜಾಗದ ಬದಲು ಬೇರೊಂದು ಗುರುತಿನಿಂದ ದೂರ ಕೇಳಿದರೆ ಮೊದಲ ಮುಖದ ತಪ್ಪೂ ದೂರವನ್ನು ಕೆಡಿಸುತ್ತದೆ. ನೆರಳಿನ ಲೆಕ್ಕಗಳಲ್ಲಿ ಇದು ಸಾಮಾನ್ಯ. ಸೂರ್ಯೋದಯದ ಹೊತ್ತಿಗೆ ಗೀತಾ ಮತ್ತು ಸುಮಾ ಎದುರುಬದುರು ನಿಂತಿದ್ದಾರೆ, ಗೀತಾಳ ನೆರಳು ಸುಮಾಳ ಬಲಬದಿಗೆ ಬಿದ್ದಿದೆ ಎನ್ನೋಣ. ಗೀತಾ ನಿಂತ ಜಾಗದಿಂದ ನೇರ ಉತ್ತರಕ್ಕೆ 7 ಮೀಟರ್ ದೂರದಲ್ಲಿ ಒಂದು ಆಲದ ಮರವಿದೆ. ಗೀತಾ ಬಲಕ್ಕೆ ತಿರುಗಿ 12 ಮೀಟರ್, ಎಡಕ್ಕೆ ತಿರುಗಿ 2 ಮೀಟರ್ ನಡೆದಳು. ಮರದಿಂದ ಅವಳೆಷ್ಟು ದೂರ?

ವರ್ಷವಿಡೀ ಸೂರ್ಯ ನೇರ ಪೂರ್ವದಲ್ಲೇ ಹುಟ್ಟುವುದಿಲ್ಲವಾದರೂ ಇಂಥ ಲೆಕ್ಕಗಳಲ್ಲಿ ಹಾಗೆಂದೇ ಹಿಡಿಯುತ್ತಾರೆ, ಹಾಗಾಗಿ ಬೆಳಗಿನ ನೆರಳು ಪಶ್ಚಿಮಕ್ಕೆ. ಸುಮಾಳ ಬಲ ಪಶ್ಚಿಮವಾದರೆ ಅವಳ ಮುಖ ದಕ್ಷಿಣಕ್ಕಿದೆ. ಅವಳೆದುರಿಗಿರುವ ಗೀತಾಳ ಮುಖ ಉತ್ತರಕ್ಕೆ. ಬಲಕ್ಕೆ ತಿರುಗಿ ಪೂರ್ವಕ್ಕೆ 12, ಎಡಕ್ಕೆ ತಿರುಗಿ ಉತ್ತರಕ್ಕೆ 2. ಮರ ಉತ್ತರಕ್ಕೆ 7 ಮೀಟರಿನಲ್ಲಿರುವುದರಿಂದ ಉತ್ತರ-ದಕ್ಷಿಣದ ಅಂತರ 5, ಪೂರ್ವ-ಪಶ್ಚಿಮದ ಅಂತರ 12, ಮರಕ್ಕೂ ಅವಳಿಗೂ 13 ಮೀಟರ್. ‘ಸುಮಾಳ ಬಲಬದಿಗೆ’ ಎಂಬುದನ್ನು ಗೀತಾಳದೇ ಬಲ ಎಂದು ಓದಿಕೊಂಡವರು ಗೀತಾಳನ್ನು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸುತ್ತಾರೆ. ಆಗ ಅವಳು ಪಶ್ಚಿಮಕ್ಕೆ 12, ದಕ್ಷಿಣಕ್ಕೆ 2 ಮೀಟರ್ ಹೋಗುತ್ತಾಳೆ. ಅವಳ ಹಾದಿ ತಿರುಗಿತು, ಆದರೆ ದಿಕ್ಕಿನ ಹೆಸರು ಹೇಳಿ ಗುರುತಿಸಿದ ಮರ ಇದ್ದಲ್ಲೇ ಇದೆ. ಅಂತರ ಈಗ 7 ಮತ್ತು 2 ಸೇರಿ 9, ಇನ್ನೊಂದು ಕಡೆ 12, ದೂರ 15 ಮೀಟರ್. ಗೀತಾ ಹೊರಟ ಜಾಗದಿಂದ ದೂರ ಕೇಳಿದ್ದರೆ ಇಬ್ಬರಿಗೂ ಒಂದೇ ಉತ್ತರ ಬರುತ್ತಿತ್ತು, ಮರದಿಂದ ಕೇಳಿದ್ದರಿಂದ ಒಬ್ಬರು 13ಕ್ಕೂ ಇನ್ನೊಬ್ಬರು 15ಕ್ಕೂ ಗುರುತು ಹಾಕುತ್ತಾರೆ.